ಹೆಸರಿಗೊಂದು ಪ್ರಮಾಣಪತ್ರ: ಪಟ್ಟಿಯಿಂದ ಪ್ರತ್ಯೇಕ ಪಿಡಿಎಫ್‌ಗಳನ್ನು ಪಡೆಯುವ ಕ್ರಮ

ನವೆಂಬರ್ ಮಾಸ ಸಮೀಪಿಸಿತೆಂದರೆ ರಾಜಾಜಿನಗರದಿಂದ ಕೆಂಗೇರಿಯವರೆಗಿನ ನಮ್ಮ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ರಾಜ್ಯೋತ್ಸವದ ಸಿದ್ಧತೆ ಮೊದಲಾಗುತ್ತದೆ. ಶಾಲಾಬಾಲಕರಿಗೆ ಪ್ರಬಂಧ ಸ್ಪರ್ಧೆ, ಗೃಹಿಣಿಯರಿಗೆ ರಂಗವಲ್ಲಿ ಸ್ಪರ್ಧೆ, ಸಣ್ಣ ಮಕ್ಕಳಿಗೆ ಕನ್ನಡ ಗೀತಗಾಯನ ಎಂದು ಏರ್ಪಾಟುಗಳಾಗಿ, ಅವುಗಳಲ್ಲಿ ಭಾಗವಹಿಸಿದವರೆಲ್ಲರಿಗೂ ಒಂದೊಂದು ಪ್ರಮಾಣಪತ್ರವನ್ನು ಕೊಡತಕ್ಕದ್ದೆಂದು ಸಂಘದ ಸಭೆಯಲ್ಲಿ ನಿರ್ಣಯವೂ ಆಗುತ್ತದೆ. ಆ ನಿರ್ಣಯದ ಭಾರವೆಲ್ಲ ಬೀಳುವುದು ಮಾತ್ರ ಕಂಪ್ಯೂಟರ್ ಬಲ್ಲ ಒಬ್ಬ ಕಾರ್ಯಕರ್ತನ ಮೇಲೆ. ಆತನು ಒಂದು ಪತ್ರವನ್ನು ಸಿದ್ಧಪಡಿಸಿ, ಹೆಸರನ್ನು ಅಳಿಸಿ, ಮತ್ತೊಂದು ಹೆಸರನ್ನು ಬರೆದು, ಬೇರೊಂದು ಫೈಲಾಗಿ ಉಳಿಸಿ, ಪುನಃ ಅಳಿಸಿ ಬರೆಯುವ ಕೆಲಸದಲ್ಲಿ ರಾತ್ರಿಯನ್ನು ಕಳೆಯುತ್ತಾನೆ. ಇಷ್ಟಾದ ಮೇಲೂ ಯಾರದೋ ಹೆಸರಿನ ಕೆಳಗೆ ಮತ್ತಾರದೋ ಶಾಲೆ ಉಳಿದುಬಿಡುವುದುಂಟು; ವೇದಿಕೆಯ ಮೇಲೆ ಪತ್ರವನ್ನು ಪಡೆದ ಮಗುವು ಮನೆಗೆ ಹೋಗಿ ಓದಿಕೊಂಡಾಗ ಮಾತ್ರ ಅದು ಬೆಳಕಿಗೆ ಬರುತ್ತದೆ.

ಈ ಶ್ರಮವನ್ನು ತಪ್ಪಿಸುವ ಉಪಾಯವು ಹೊಸದಲ್ಲ. ಒಂದು ಮಾದರಿ ಪತ್ರ, ಒಂದು ಹೆಸರಿನ ಪಟ್ಟಿ, ಇವೆರಡನ್ನೂ ಬೆಸೆದು ಹಲವು ಪತ್ರಗಳನ್ನು ಪಡೆಯುವ ‘ಮೇಲ್ ಮರ್ಜ್’ ಎಂಬ ಸೌಲಭ್ಯವು 1980ರ ದಶಕದ ಆರಂಭದ ವರ್ಡ್‌ಸ್ಟಾರ್‌ನ ಕಾಲದಿಂದಲೂ ಬಳಕೆಯಲ್ಲಿದೆ. ಕನ್ನಡದ ಹೆಸರುಗಳಿಗೆ ಅದನ್ನು ಅನ್ವಯಿಸುವಾಗ ಬರುವ ತೊಡಕುಗಳು ಮಾತ್ರ ವಿಶಿಷ್ಟವಾದವು. ಇಂಗ್ಲಿಷಿನ ಕೈಪಿಡಿಗಳಲ್ಲಿ ಅವುಗಳ ಪ್ರಸ್ತಾಪವೇ ಇರುವುದಿಲ್ಲವಾದುದರಿಂದ ಈ ಲೇಖನದ ಹೆಚ್ಚಿನ ಭಾಗವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಉದಾಹರಣೆಗಾಗಿ ವಿಜಯನಗರದ ಒಂದು ಬಡಾವಣೆಯಲ್ಲಿ ನಡೆದ ಪ್ರಬಂಧ ಸ್ಪರ್ಧೆಯನ್ನೂ, ಅದರಲ್ಲಿ ಭಾಗವಹಿಸಿದ 180 ವಿದ್ಯಾರ್ಥಿಗಳನ್ನೂ ಕಲ್ಪಿಸಿಕೊಳ್ಳೋಣ. ಸಾಧನವಾಗಿ ಲಿಬ್ರೆ ಆಫೀಸನ್ನು ತೆಗೆದುಕೊಂಡಿದ್ದೇನೆ. ಅದು ಉಚಿತವೆಂಬುದು ಒಂದು ಕಾರಣ. ಪ್ರತಿಯೊಬ್ಬರ ಪತ್ರವನ್ನೂ ಬೇರೆ ಬೇರೆ ಫೈಲಾಗಿ, ಪಟ್ಟಿಯಲ್ಲಿರುವ ಹೆಸರನ್ನೇ ಫೈಲಿಗಿಟ್ಟು ಉಳಿಸುವ ಏರ್ಪಾಟು ಅದರಲ್ಲಿಯೇ ಅಡಕವಾಗಿರುವುದು ಮುಖ್ಯ ಕಾರಣ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಬೆಸುಗೆಯೇನೋ ಸುಲಭವಾಗಿ ಆಗುತ್ತದೆ, ಆದರೆ ಫಲವು 180 ಪುಟಗಳ ಒಂದೇ ದೊಡ್ಡ ಕಡತವಾಗಿ ಬರುತ್ತದೆ. ಅದನ್ನು ಬಿಡಿಬಿಡಿಯಾಗಿಸಲು ಮ್ಯಾಕ್ರೋವನ್ನೋ ಅನ್ಯ ತಂತ್ರಾಂಶವನ್ನೋ ಆಶ್ರಯಿಸಬೇಕಾಗುತ್ತದೆ.

ಇದು ನಡೆಯುವ ಬಗೆ

ಮಾದರಿ ಪತ್ರದಲ್ಲಿ ಹೆಸರು ಬರಬೇಕಾದ ಸ್ಥಳದಲ್ಲಿ ನಾವು ಹೆಸರನ್ನು ಬರೆಯುವುದಿಲ್ಲ. ಪಟ್ಟಿಯ ಇಂಥ ಕಾಲಮ್ಮಿನಿಂದ ಹೆಸರನ್ನು ತಂದುಕೊಳ್ಳತಕ್ಕದ್ದೆಂಬ ಸೂಚನೆಯೊಂದನ್ನು ಇಡುತ್ತೇವೆ. ಆ ಸೂಚನೆಗೆ ಫೀಲ್ಡ್ ಎಂದು ಹೆಸರು. ತಂತ್ರಾಂಶವು ಪಟ್ಟಿಯ ಒಂದು ಸಾಲನ್ನು ಓದಿ, ಆ ಸಾಲಿನ ವಿವರಗಳನ್ನು ಫೀಲ್ಡುಗಳಲ್ಲಿ ತುಂಬಿ, ಒಂದು ಪೂರ್ಣಪತ್ರವನ್ನು ರಚಿಸಿ ಉಳಿಸುತ್ತದೆ. ಆಮೇಲೆ ಎರಡನೆಯ ಸಾಲಿಗೆ ಹೋಗುತ್ತದೆ. ಒಬ್ಬನ ಹೆಸರೂ ಶಾಲೆಯೂ ಬಹುಮಾನವೂ ಒಂದೇ ಸಾಲಿನಿಂದ ಬರುವುವಾದುದರಿಂದ ಒಬ್ಬರ ಹೆಸರಿಗೆ ಇನ್ನೊಬ್ಬರ ಶಾಲೆ ತಗಲಿಕೊಳ್ಳುವ ಸಂಭವವೇ ಇಲ್ಲ. ಅದೇ ಕಾರಣದಿಂದ ಪಟ್ಟಿಯಲ್ಲಿರುವ ದೋಷವೆಲ್ಲ ಯಥಾವತ್ತಾಗಿ ಪತ್ರಕ್ಕೆ ಇಳಿಯುತ್ತದೆ. ಆದಕಾರಣ ಪರಿಶ್ರಮದ ಮುಕ್ಕಾಲು ಪಾಲು ಪಟ್ಟಿಗೇ ಸಲ್ಲಬೇಕು.

ಮೊದಲು ಪಟ್ಟಿ

ಪಟ್ಟಿಯ ಮೊದಲನೆಯ ಸಾಲಿನಲ್ಲಿ ಕಾಲಮ್ಮುಗಳ ಶೀರ್ಷಿಕೆಗಳು ಮಾತ್ರವೇ ಇರತಕ್ಕದ್ದು. ಅದರ ಮೇಲೆ ಸಂಘದ ಹೆಸರನ್ನೋ ಸ್ಪರ್ಧೆಯ ಹೆಸರನ್ನೋ ದಪ್ಪಕ್ಷರದಲ್ಲಿ ಬರೆದಿಡುವುದು ನಮ್ಮಲ್ಲಿ ವಾಡಿಕೆ. ಆದರೆ ತಂತ್ರಾಂಶವು ಮೊದಲ ಸಾಲನ್ನೇ ಶೀರ್ಷಿಕೆಯೆಂದು ಗ್ರಹಿಸುವುದರಿಂದ, ಆ ಅಲಂಕಾರವು ಇಡೀ ಪಟ್ಟಿಯನ್ನು ನಿರರ್ಥಕಗೊಳಿಸುತ್ತದೆ. ಶೀರ್ಷಿಕೆಗಳು ಇಂಗ್ಲಿಷ್ ಲಿಪಿಯಲ್ಲಿ, ನಡುವೆ ಅಂತರವಿಲ್ಲದ ಚಿಕ್ಕ ಪದಗಳಾಗಿದ್ದರೆ ಕ್ಷೇಮ. ನಮ್ಮ ಉದಾಹರಣೆಗೆ A ಕಾಲಮ್ಮಿನಿಂದ F ಕಾಲಮ್ಮಿನವರೆಗೆ ಈ ಆರು ಸಾಕು:

```
Kramanka | Birudu | Hesaru | Shale | Phala | Kadata
```

ಕ್ರಮಾಂಕ, ಬಿರುದು, ಹೆಸರು, ಶಾಲೆ ಎಂಬ ನಾಲ್ಕು ಸ್ವಯಂವೇದ್ಯ. ‘ಫಲ’ ಎಂಬುದರಲ್ಲಿ ಬಹುಮಾನದ ವಿವರವೂ, ‘ಕಡತ’ ಎಂಬುದರಲ್ಲಿ ಫೈಲಿಗೆ ಇಡಬೇಕಾದ ಹೆಸರೂ ಇರುತ್ತವೆ. ಫೈಲಿಗೆ ವಿದ್ಯಾರ್ಥಿಯ ಹೆಸರನ್ನೇ ಇಡಬೇಕೆಂಬ ಆಸೆ ಸಹಜವಾದರೂ ಅದು ಯುಕ್ತವಲ್ಲ. 180 ಮಂದಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಯಾವ ಫೈಲು ಯಾರದೆಂದು ತೆರೆದು ನೋಡಿಯೇ ತಿಳಿಯಬೇಕು. ಹೆಸರಿನಲ್ಲಿ ಎಲ್ಲಿಯಾದರೂ ಓರೆಗೆರೆಯಿದ್ದರೆ ಫೈಲಿನ ಹೆಸರಾಗಿ ಅದು ಸಲ್ಲುವುದೂ ಇಲ್ಲ. ಕ್ರಮಾಂಕದಿಂದ ಹುಟ್ಟಿದ ಹೆಸರು ನಿರಪಾಯಕರ. ಮೊದಲ ವಿದ್ಯಾರ್ಥಿಯ ಸಾಲಿನಲ್ಲಿ, ಎಂದರೆ ಎರಡನೆಯ ಸಾಲಿನಲ್ಲಿ, ಹೀಗೆ ಬರೆದು ಕೆಳಗಿನವರೆಗೂ ಎಳೆದರೆ ‘VN-001’ ಮೊದಲಾದ ಹೆಸರುಗಳು ದೊರೆಯುತ್ತವೆ:

```
="VN-"&TEXT(A2,"000")
```

ಮೂರು ಅಂಕೆಗಳನ್ನು ಕಡ್ಡಾಯಗೊಳಿಸುವುದೇಕೆಂದರೆ, ಇಲ್ಲವಾದಲ್ಲಿ ಫೋಲ್ಡರಿನ ಕೆಲವು ಪಟ್ಟಿಗಳಲ್ಲಿ 1ರ ಅನಂತರ 2 ಬರದೆ 10 ಬಂದು ನಿಲ್ಲುತ್ತದೆ. ಅದೇ ಸಂಖ್ಯೆಯನ್ನು ಪತ್ರದ ಮೂಲೆಯಲ್ಲಿಯೂ ಮುದ್ರಿಸಿದರೆ, ನಾಳೆ ಯಾರಾದರೂ ಪತ್ರವನ್ನು ತಂದು ಇದು ತಮ್ಮ ಸಂಘದ್ದೇ ಎಂದು ಕೇಳಿದಾಗ, ಪಟ್ಟಿಯೇ ದಾಖಲೆಪುಸ್ತಕವಾಗಿ ಉತ್ತರವನ್ನು ಕೊಡುತ್ತದೆ.

ಅಕ್ಷರ ಯಾವುದು?

ಹೆಸರುಗಳು ಶಾಲೆಗಳಿಂದ ಬಂದಾಗ ಮೊದಲು ಪರೀಕ್ಷಿಸಬೇಕಾದುದು ಅವುಗಳ ಸಂಕೇತವನ್ನು. ನಮ್ಮಲ್ಲಿನ ಕಚೇರಿಗಳಲ್ಲಿ ಶಾಲೆಗಳಲ್ಲಿ ಡಿಟಿಪಿ ಅಂಗಡಿಗಳಲ್ಲಿ ‘ನುಡಿ’ಯ ಹಳೆಯ ಅಕ್ಷರವಿನ್ಯಾಸಗಳಿಂದ ಬೆರಳಚ್ಚು ಮಾಡುವ ಪದ್ಧತಿಯು ಈಗಲೂ ಜೀವಂತವಾಗಿದೆ. ಅಂಥ ಪಠ್ಯದಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗೆ ಇರುವುದು ರೋಮನ್ ಚಿಹ್ನೆಗಳು; ಅಕ್ಷರವಿನ್ಯಾಸವೆಂಬ ಮುಸುಕು ಸರಿದೊಡನೆ ‘ಕನ್ನಡ’ ಎಂಬ ಪದವು `PÀ£ÀßqÀ` ಎಂದಾಗಿ ನಿಲ್ಲುತ್ತದೆ. ಯೂನಿಕೋಡಿನಲ್ಲಿಯಾದರೋ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಆದ ಸಂಕೇತಸಂಖ್ಯೆಯುಂಟು. ಪರೀಕ್ಷೆ ಬಹು ಸುಲಭ: ಹೆಸರಿನ ಕಾಲಮ್ಮನ್ನೆಲ್ಲ ಆರಿಸಿ ಅಕ್ಷರವಿನ್ಯಾಸವನ್ನು ಏರಿಯಲ್ ಎಂದು ಬದಲಾಯಿಸಿರಿ. ಕನ್ನಡವು ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ವಿಚಿತ್ರ ಚಿಹ್ನೆಗಳ ಸಾಲಾಗಿ ಮಾರ್ಪಟ್ಟರೆ ಅದು ಹಳೆಯ ಪಠ್ಯ. ಹಳೆಯದಾಗಿದ್ದಲ್ಲಿ ನುಡಿಯಲ್ಲಿಯೇ ಇರುವ ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿಕೊಂಡು, ಅರ್ಕಾವತ್ತು ಮತ್ತು ಎರಡೆರಡು ಒತ್ತುಗಳಿರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಾರೆ ನೋಡಿಯೇ ಮುಂದುವರಿಯಬೇಕು. ಒಂದು ಶಾಲೆಯ ಹೆಸರುಗಳು ಯೂನಿಕೋಡಿನಲ್ಲಿದ್ದು ಮತ್ತೊಂದರವು ನುಡಿಯಲ್ಲಿರುವ ಬೆರಕೆ ಪಟ್ಟಿಯೇ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಮೊದಲ ಹತ್ತು ಪತ್ರಗಳನ್ನು ನೋಡಿ ಸಮಾಧಾನಗೊಂಡವರಿಗೆ ತೊಂಬತ್ತನೆಯ ಪತ್ರದ ಗತಿ ತಿಳಿಯುವುದಿಲ್ಲ.

ಯೂನಿಕೋಡಿನಲ್ಲಿಯೂ ಒಂದು ಸೂಕ್ಷ್ಮವುಂಟು. ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ನಾಮಫಲಕದಲ್ಲಿ ‘ಜ್’ ಎಂಬುದು ಬಿಡಿಯಾಗಿ ನಿಲ್ಲಬೇಕಾದರೆ, ಅದಕ್ಕೂ ‘ಕು’ ಎಂಬುದಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿರಬೇಕು. ಅದಿಲ್ಲದಿದ್ದರೆ ಎರಡೂ ಕೂಡಿಕೊಂಡು ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗುತ್ತದೆ. ಪೋಷಕರು ಮೊಬೈಲಿನಲ್ಲಿ ಫಾರಂ ತುಂಬುವಾಗ ಈ ಸಂಕೇತವು ಸಾಮಾನ್ಯವಾಗಿ ಬಿಟ್ಟುಹೋಗುವುದರಿಂದ, ಪವನ್‌ಕುಮಾರನು ‘ಪವನ್ಕುಮಾರ್’ ಆಗಿ ಪಟ್ಟಿಗೆ ಬರುತ್ತಾನೆ. ಉಚ್ಚಾರಣೆಯಲ್ಲಿ ವ್ಯತ್ಯಾಸವಿಲ್ಲದಿರಬಹುದು, ಆದರೆ ತನ್ನ ಹೆಸರನ್ನು ಚೌಕಟ್ಟಿನಲ್ಲಿ ಹಾಕಿಸಿ ಗೋಡೆಗೆ ತೂಗುಹಾಕುವ ಬಾಲಕನಿಗೆ ಅದು ತನ್ನ ಹೆಸರಿನಂತೆ ಕಾಣಬೇಕಲ್ಲವೆ? ಪಕ್ಕದ ಖಾಲಿ ಕಾಲಮ್ಮಿನಲ್ಲಿ ಕೆಳಗಿನ ಸೂತ್ರವನ್ನು ಬರೆದು ಎಳೆದರೆ, ಅಂಥ ಹೆಸರುಗಳೆಲ್ಲ ಸರಿಹೋಗುತ್ತವೆ. ಹೆಸರಿನ ಹಿಂದುಮುಂದಿನ ಅನಾವಶ್ಯಕ ಅಂತರಗಳೂ ಅದರಿಂದಲೇ ನಿವಾರಣೆಯಾಗುತ್ತವೆ.

```
=TRIM(SUBSTITUTE(C2,"್ಕುಮಾರ್","್"&UNICHAR(8204)&"ಕುಮಾರ್"))
```

8204 ಎಂಬುದು ಆ ಅದೃಶ್ಯ ಸಂಕೇತದ ಸಂಖ್ಯೆ. ಸೂತ್ರದ ಫಲವನ್ನು ನಕಲು ಮಾಡಿ, ಮೌಲ್ಯಗಳನ್ನಾಗಿ ಮಾತ್ರ ಮೂಲ ಕಾಲಮ್ಮಿಗೆ ಅಂಟಿಸಿ, ತಾತ್ಕಾಲಿಕ ಕಾಲಮ್ಮನ್ನು ಅಳಿಸಿಬಿಡಿ.

ವಿಭಕ್ತಿಯ ತೊಡಕು

ಇಂಗ್ಲಿಷಿನಲ್ಲಿ ಹೆಸರನ್ನು ವಾಕ್ಯದ ಯಾವ ಮೂಲೆಯಲ್ಲಿಟ್ಟರೂ ಅದರ ರೂಪ ಬದಲಾಗದು. ಕನ್ನಡದಲ್ಲಿಯಾದರೋ ಸುಮಾ ಎಂಬ ಹೆಸರಿಗೆ ‘ಳಿಗೆ’, ಮಂಜುನಾಥನಿಗೆ ‘ನಿಗೆ’, ರವಿಗೆ ಬರಿಯ ‘ಗೆ’ ಹತ್ತುತ್ತದೆ. ಫೀಲ್ಡಿನ ಬೆನ್ನಿಗೆ ಪ್ರತ್ಯಯವನ್ನು ಅಂಟಿಸಿದ ಮಾದರಿಯು ಹತ್ತು ಹೆಸರಿಗೆ ಶುದ್ಧವಾಗಿ ಹನ್ನೊಂದನೆಯದಕ್ಕೆ ಅಪಭ್ರಂಶವಾಗುತ್ತದೆ. ಇದಕ್ಕೆ ತಂತ್ರಾಂಶದಲ್ಲಿ ಪರಿಹಾರವನ್ನು ಹುಡುಕಬಾರದು. ವಾಕ್ಯವನ್ನೇ ಬೇರೆ ರೀತಿಯಲ್ಲಿ ಕಟ್ಟಬೇಕು. ಹೆಸರನ್ನು ಪ್ರಥಮಾ ವಿಭಕ್ತಿಯಲ್ಲಿ ಒಂದು ಸಾಲಿನಲ್ಲಿ ಸ್ವತಂತ್ರವಾಗಿ ನಿಲ್ಲಿಸಿ, ಮುಂದಿನ ಸಾಲಿನಲ್ಲಿ ‘ಇವರು’ ಎಂದು ಆರಂಭಿಸಿದರೆ ಲಿಂಗಭೇದವೂ ಪ್ರತ್ಯಯಭೇದವೂ ಒಮ್ಮೆಲೇ ನಿವಾರಣೆಯಾಗುತ್ತವೆ:

```
<Birudu> <Hesaru>
<Shale>
ಇವರು ನಮ್ಮ ಬಡಾವಣೆಯ ಕನ್ನಡ ರಾಜ್ಯೋತ್ಸವದ
ಪ್ರಬಂಧ ಸ್ಪರ್ಧೆಯಲ್ಲಿ <Phala>
```

ಇಲ್ಲಿ ‘ಫಲ’ದ ಕಾಲಮ್ಮಿನಲ್ಲಿ ‘ಪ್ರಥಮ ಬಹುಮಾನ’ ಎಂದಷ್ಟೇ ಬರೆಯದೆ ‘ಪ್ರಥಮ ಬಹುಮಾನವನ್ನು ಪಡೆದಿರುತ್ತಾರೆ.’ ಎಂದು ಕ್ರಿಯಾಪದವನ್ನೂ ಪೂರ್ಣವಿರಾಮವನ್ನೂ ಸೇರಿಸಿಯೇ ಬರೆಯತಕ್ಕದ್ದು. ಬಹುಮಾನವಿಲ್ಲದವರಿಗೆ ಅದೇ ಸ್ಥಾನದಲ್ಲಿ ‘ಭಾಗವಹಿಸಿರುತ್ತಾರೆ.’ ಎಂದಿದ್ದರೆ ಒಂದೇ ಮಾದರಿಪತ್ರವು ಇಬ್ಬರಿಗೂ ಸಲ್ಲುತ್ತದೆ. ಹೆಸರಿನ ಇನಿಷಿಯಲ್ ಮುಂದೆ ಬರಬೇಕೋ ಹಿಂದೆ ಬರಬೇಕೋ ಎಂಬುದನ್ನು ಸಂಘವು ನಿರ್ಧರಿಸಬಾರದು. ಶಾಲೆಯ ದಾಖಲೆಯಲ್ಲಿ ಇರುವಂತೆಯೇ ಇರಲಿ. ಆದರೆ ಕನ್ನಡದ ಹೆಸರಿಗೆ ಇಂಗ್ಲಿಷಿನ `K. R.` ಎಂಬ ಇನಿಷಿಯಲ್ ಹತ್ತಿಕೊಂಡಿದ್ದರೆ ಅದನ್ನು ‘ಕೆ. ಆರ್.’ ಎಂದು ಬದಲಾಯಿಸುವುದು ಅವಶ್ಯಕ. ಅದರ ಕಾರಣವು ಮುಂದೆ ವಿದಿತವಾಗುತ್ತದೆ.

ಬೆಸುಗೆಯ ಹಂತಗಳು

1. ಪಟ್ಟಿಯು ಗೂಗಲ್ ಶೀಟ್ಸ್‌ನಲ್ಲಿದ್ದರೆ `File` > `Download` > `OpenDocument (.ods)` ಎಂಬಲ್ಲಿಂದ ಇಳಿಸಿಕೊಳ್ಳಿರಿ. ಸಿಎಸ್‌ವಿ ಬೇಡ, ಅದನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸುವಷ್ಟರಲ್ಲಿ ಕನ್ನಡ ಅಕ್ಷರಗಳು ಕೆಡುವುದುಂಟು. `D:\pramana` ಎಂಬ ಫೋಲ್ಡರನ್ನು ಮಾಡಿ, ಪಟ್ಟಿಯನ್ನು ಅದರಲ್ಲಿಟ್ಟು, ಒಳಗೆ `odt`, `pdf` ಎಂಬ ಎರಡು ಬರಿದಾದ ಫೋಲ್ಡರುಗಳನ್ನು ರಚಿಸಿರಿ. ಇಲ್ಲಿಂದ ಮುಂದೆ ಪಟ್ಟಿಯನ್ನು ಸ್ಥಳಾಂತರಿಸಬಾರದು, ಏಕೆಂದರೆ ಲಿಬ್ರೆ ಆಫೀಸು ಅದರ ವಿಳಾಸವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ.

2. ರೈಟರ್‌ನಲ್ಲಿ ಹೊಸ ಪತ್ರವನ್ನು ತೆರೆದು ಪುಟವನ್ನು ಅಡ್ಡ ಎ4 ಅಳತೆಗೆ ಹೊಂದಿಸಿರಿ. ಅಂಚಿನ ಅಲಂಕಾರವು ಚಿತ್ರವಾಗಿದ್ದರೆ ಅದು 3508 × 2480 ಪಿಕ್ಸೆಲ್‌ಗಳಷ್ಟಿದ್ದರೆ ಸಾಕು. 297 × 210 ಮಿಲಿಮೀಟರಿನ ಪುಟಕ್ಕೆ ಅದು ಇಂಚಿಗೆ 300 ಬಿಂದುಗಳಾಗುತ್ತದೆ. ಇದಕ್ಕಿಂತ ದೊಡ್ಡದನ್ನಿಟ್ಟರೆ ಅದರ ಭಾರವು ಒಂದು ಫೈಲಿಗಲ್ಲ, 180 ಫೈಲುಗಳಿಗೂ ಹೇರಲ್ಪಡುತ್ತದೆ. ಚಿತ್ರವನ್ನು ಮೊದಲ ಪ್ಯಾರಾಕ್ಕೆ ಲಂಗರು ಹಾಕಿ, ಅಕ್ಷರಗಳ ಹಿಂದೆ ನಿಲ್ಲುವಂತೆ ಮಾಡಿರಿ.

3. `Insert` > `Field` > `More Fields` ಎಂಬುದನ್ನು ತೆರೆದು (`Ctrl+F2` ಒತ್ತಿದರೂ ಸರಿ) `Database` ಎಂಬ ಭಾಗಕ್ಕೆ ಹೋಗಿ, `Mail merge fields` ಆರಿಸಿ, `Browse` ಗುಂಡಿಯಿಂದ ನಿಮ್ಮ ಪಟ್ಟಿಯನ್ನು ತೋರಿಸಿರಿ. ಪಟ್ಟಿಯ ಹಾಳೆಯೂ ಅದರಡಿಯಲ್ಲಿ ಕಾಲಮ್ಮುಗಳ ಶೀರ್ಷಿಕೆಗಳೂ ಕಾಣಿಸಿಕೊಳ್ಳುತ್ತವೆ. ಪತ್ರದಲ್ಲಿ ಬೇಕಾದೆಡೆ ಕರ್ಸರನ್ನಿಟ್ಟು ಒಂದೊಂದು ಶೀರ್ಷಿಕೆಯನ್ನೂ `Insert` ಮಾಡಿರಿ. ಫೀಲ್ಡುಗಳು ಪುಟದ ಸಾಮಾನ್ಯ ಪ್ಯಾರಾಗಳಲ್ಲಿಯೋ ಕೋಷ್ಟಕದ ಕೋಣೆಗಳಲ್ಲಿಯೋ ಇರಲಿ.

4. `<Hesaru>` ಎಂಬ ಫೀಲ್ಡನ್ನು ಆರಿಸಿ, ಮೇಲಿನ ಉಪಕರಣಪಟ್ಟಿಯಲ್ಲಿರುವ ಅಳತೆಯ ಪೆಟ್ಟಿಗೆಯನ್ನು ಮುಟ್ಟದೆ, `Format` > `Character` ಎಂಬುದನ್ನು ತೆರೆಯಿರಿ. ಅಲ್ಲಿ ಅಕ್ಷರವಿನ್ಯಾಸಗಳಿಗೆ ಎರಡು ವಿಭಾಗಗಳು ಕಾಣುತ್ತವೆ. ಒಂದು `Western`, ಇನ್ನೊಂದು ಆವೃತ್ತಿಗನುಸಾರವಾಗಿ `CTL` ಅಥವಾ `Complex`. ಎರಡನೆಯದರಲ್ಲಿ ನೋಟೋ ಸೆರಿಫ್ ಕನ್ನಡ, ತುಂಗಾ ಮುಂತಾದ ಯೂನಿಕೋಡ್ ಅಕ್ಷರವಿನ್ಯಾಸವೊಂದನ್ನು ಆರಿಸಿ, ಅಳತೆಯನ್ನು 28 ಎಂದು ಕೊಡಿರಿ. ಆ ವಿಭಾಗವೇ ಕಾಣದಿದ್ದಲ್ಲಿ `Tools` > `Options` ಒಳಗಿನ ಭಾಷೆಗಳ ಪುಟದಲ್ಲಿ `Complex text layout` ಎಂಬುದಕ್ಕೆ ಗುರುತು ಹಾಕಿ, ಭಾಷೆಯನ್ನು ಕನ್ನಡವೆಂದು ಆರಿಸಬೇಕು.

5. ಪತ್ರವನ್ನು ಉಳಿಸಿ, `Ctrl+P` ಒತ್ತಿರಿ. ಈ ಕಡತದಲ್ಲಿ ವಿಳಾಸದ ಫೀಲ್ಡುಗಳಿವೆ, ಫಾರಂ ಪತ್ರವನ್ನು ಮುದ್ರಿಸಬೇಕೆ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ, `Yes` ಎನ್ನಿರಿ. ತೆರೆದುಕೊಂಡ ಕಿಟಕಿಯಲ್ಲಿ ಔಟ್‌ಪುಟ್ `File` ಎಂದಿರಲಿ. `Save as individual documents` ಎಂಬುದನ್ನೂ `Generate file name from database` ಎಂಬುದನ್ನೂ ಆರಿಸಿ, ಫೀಲ್ಡ್ `Kadata` ಎಂದೂ, ಸ್ಥಳ `D:\pramana\odt` ಎಂದೂ, ಫೈಲಿನ ಬಗೆ ಓಡಿಟಿ ಎಂದೂ ಕೊಡಿರಿ. ಮೊದಲು 1ರಿಂದ 3ರವರೆಗಿನ ದಾಖಲೆಗಳನ್ನು ಮಾತ್ರ ಮಾಡಿ, ತೆರೆದು ನೋಡಿ, ಆ ಮೂರು ಫೈಲುಗಳನ್ನು ಅಳಿಸಿ, ಆಮೇಲೆ ಎಲ್ಲವನ್ನೂ ಮಾಡುವುದು ವಿವೇಕ.

6. ಈಗ ಲಿಬ್ರೆ ಆಫೀಸನ್ನು ಸಂಪೂರ್ಣವಾಗಿ ಮುಚ್ಚಿರಿ. ವಿಂಡೋಸ್‌ನಲ್ಲಿ `cmd` ಎಂದು ಟೈಪಿಸಿ ಕಪ್ಪು ಕಿಟಕಿಯನ್ನು ತೆರೆದು, ಈ ಎರಡು ಆಜ್ಞೆಗಳನ್ನು ಒಂದಾದಮೇಲೊಂದರಂತೆ ಕೊಟ್ಟರೆ ಎಲ್ಲ ಓಡಿಟಿ ಫೈಲುಗಳೂ ಅದೇ ಹೆಸರಿನ ಪಿಡಿಎಫ್‌ಗಳಾಗಿ `pdf` ಫೋಲ್ಡರಿಗೆ ಬರುತ್ತವೆ:

```
cd /d D:\pramana\odt
"C:\Program Files\LibreOffice\program\soffice.com" --headless --convert-to pdf --outdir D:\pramana\pdf *.odt
```

ಓಡಿಟಿಯ ಮೂಲಕ ಸುತ್ತಿಬರುವುದೇಕೆಂದು ಕೇಳಬಹುದು. ಒಬ್ಬರ ಹೆಸರಿನಲ್ಲಿ ಒಂದಕ್ಷರ ತಪ್ಪಿದೆಯೆಂದು ಕಡೆಯ ಘಳಿಗೆಯಲ್ಲಿ ತಿಳಿದಾಗ ಆ ಒಂದು ಓಡಿಟಿಯನ್ನು ತೆರೆದು ತಿದ್ದಿ ಪಿಡಿಎಫ್ ಮಾಡಬಹುದು. ಪಟ್ಟಿಯಲ್ಲಿಯೂ ಅದೇ ತಿದ್ದುಪಡಿಯನ್ನು ಮಾಡಲು ಮರೆಯಬಾರದು, ಅಷ್ಟೆ. ಪಿಡಿಎಫ್‌ನೊಳಗೆ ಅಕ್ಷರವಿನ್ಯಾಸವೂ ಹುದುಗಿರುವುದರಿಂದ ಪೋಷಕರ ಮೊಬೈಲಿನಲ್ಲಿ ಆ ವಿನ್ಯಾಸ ಇಲ್ಲದಿದ್ದರೂ ಕನ್ನಡವು ಕೆಡದೆ ಕಾಣುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹೆಸರು ಚಿಕ್ಕದಾಗಿ ಬರುವುದು. ಕನ್ನಡದಲ್ಲಿ ಈ ಕೆಲಸವನ್ನು ಮಾಡುವವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಂಗೆಡಿಸುವ ದೋಷವಿದು. ಮಾದರಿಯಲ್ಲಿ `<Hesaru>` ಎಂಬುದು 28ರ ಅಳತೆಯಲ್ಲಿ ಭವ್ಯವಾಗಿ ಕಾಣುತ್ತಿರುತ್ತದೆ. ಬೆಸುಗೆಯಾದ ಪತ್ರದಲ್ಲಿಯಾದರೋ ವಿದ್ಯಾರ್ಥಿಯ ಹೆಸರು 12ರ ಅಳತೆಯಲ್ಲಿ ಬೇರೊಂದು ವಿನ್ಯಾಸದಲ್ಲಿ ಬಂದು ಕೂತಿರುತ್ತದೆ. ಲಿಬ್ರೆ ಆಫೀಸು ಪ್ರತಿಯೊಂದು ಪಠ್ಯಕ್ಕೂ ಪಾಶ್ಚಾತ್ಯ ಲಿಪಿಗೊಂದು, ಭಾರತೀಯ ಲಿಪಿಗಳೇ ಮೊದಲಾದ ಸಂಕೀರ್ಣ ಲಿಪಿಗಳಿಗೊಂದು ಎಂದು ಬೇರೆ ಬೇರೆ ವಿನ್ಯಾಸವನ್ನೂ ಅಳತೆಯನ್ನೂ ಇಟ್ಟುಕೊಂಡಿರುತ್ತದೆ. ಮಾದರಿಯಲ್ಲಿ ಕಾಣುವ ಶೀರ್ಷಿಕೆಯು ರೋಮನ್ ಲಿಪಿಯಾದುದರಿಂದ, ಮೇಲಿನ ಪೆಟ್ಟಿಗೆಯಲ್ಲಿ ಕೊಟ್ಟ ಅಳತೆಯು ಪಾಶ್ಚಾತ್ಯ ಲಿಪಿಗೆ ಮಾತ್ರ ತಗಲುತ್ತದೆ. ಕನ್ನಡದ ಹೆಸರು ಬಂದಾಗ ತಂತ್ರಾಂಶವು ನಾವು ಮುಟ್ಟದೆ ಬಿಟ್ಟ ಎರಡನೆಯ ಅಳತೆಯನ್ನು ಅನುಸರಿಸುತ್ತದೆ. ನಾಲ್ಕನೆಯ ಹಂತವನ್ನು ಅಷ್ಟು ವಿಸ್ತಾರವಾಗಿ ಹೇಳಿದ ಉದ್ದೇಶವಿದೇ. `K. R.` ಎಂಬ ಇನಿಷಿಯಲ್ ಉಳಿದಿದ್ದರೆ ಒಂದೇ ಹೆಸರಿನೊಳಗೆ ಎರಡು ವಿನ್ಯಾಸಗಳು ಬೆರೆತು ಕಾಣುವುದೂ ಇದರಿಂದಲೇ.

ಪತ್ರವು ಎರಡು ಪುಟವಾಗುವುದು. ಉದ್ದವಾದ ಹೆಸರೋ ಶಾಲೆಯೋ ಎರಡನೆಯ ಸಾಲಿಗೆ ಹರಿದು, ಕೆಳಗಿನ ಸಹಿಯ ಸ್ಥಳವನ್ನು ಮುಂದಿನ ಪುಟಕ್ಕೆ ತಳ್ಳುತ್ತದೆ. ಆದುದರಿಂದ ಪರೀಕ್ಷೆಗೆ ಮೊದಲ ಮೂರು ಹೆಸರುಗಳು ಸಾಲವು. ಅತ್ಯಂತ ಉದ್ದವಾದುದನ್ನು ಹುಡುಕಿ ಅದನ್ನೂ ಬೆಸೆದು ನೋಡಬೇಕು. `=LEN(C2)` ಎಂಬ ಸೂತ್ರವು ಉದ್ದವನ್ನು ತಿಳಿಸುತ್ತದೆ. ಆದರೆ ಅದು ಎಣಿಸುವುದು ಸಂಕೇತಗಳನ್ನು. ನಾವು ಒಂದಕ್ಷರವೆಂದು ಭಾವಿಸುವ ‘ಶ್ರೀ’ ಅದರ ಲೆಕ್ಕದಲ್ಲಿ ನಾಲ್ಕು. ಹೀಗಾಗಿ ಹೆಚ್ಚು ಸಂಖ್ಯೆ ಬಂದ ಐದಾರು ಹೆಸರುಗಳನ್ನು ಆರಿಸಿಕೊಂಡು ಅವನ್ನೆಲ್ಲ ಪರೀಕ್ಷಿಸುವುದು ಲೇಸು. ಸಹಿಯ ಮೇಲೆ ಎರಡು ಸಾಲಿನಷ್ಟು ಅವಕಾಶವನ್ನು ಮೊದಲೇ ಬಿಟ್ಟಿದ್ದರೆ ಈ ದೋಷವು ತಲೆದೋರುವುದಿಲ್ಲ.

ತಿದ್ದಿದ್ದು ಪತ್ರಕ್ಕೆ ಬಾರದಿರುವುದು. ಬೆಸುಗೆಯು ಪಟ್ಟಿಯನ್ನು ಕೊನೆಯ ಬಾರಿ ಉಳಿಸಿದ ಸ್ಥಿತಿಯಲ್ಲಿ ಓದುತ್ತದೆ. ಪಟ್ಟಿಯನ್ನು ತಿದ್ದಿದ ಮೇಲೆ ಉಳಿಸಿ ಮುಚ್ಚಿರಿ. ಆಗಲೂ ಹಳೆಯ ಹೆಸರೇ ಬಂದರೆ ಲಿಬ್ರೆ ಆಫೀಸನ್ನು ಮುಚ್ಚಿ ತೆರೆದು ಪುನಃ ಪ್ರಯತ್ನಿಸಿರಿ.

ಕಪ್ಪು ಕಿಟಕಿಯಲ್ಲಿ ಆಜ್ಞೆ ಕೊಟ್ಟರೂ ಏನೂ ಆಗದಿರುವುದಕ್ಕೆ ಬಹುತೇಕ ಒಂದೇ ಕಾರಣ: ಲಿಬ್ರೆ ಆಫೀಸಿನ ಯಾವುದೋ ಕಿಟಕಿ ಇನ್ನೂ ತೆರೆದಿರುತ್ತದೆ.

ಹಂಚುವ ಮುನ್ನ

180 ಹೆಸರಿಗೆ 180 ಫೈಲುಗಳೇ ಬಂದಿವೆಯೆಂದು ಎಣಿಕೆಯಿಂದ ಖಚಿತಪಡಿಸಿಕೊಳ್ಳಬೇಕು. ಒಂದು ಹೆಚ್ಚಾಗಿದ್ದರೆ ಪಟ್ಟಿಯ ಕೊನೆಯಲ್ಲಿ ಖಾಲಿಯಂತೆ ಕಾಣುವ, ಆದರೆ ಒಂದು ಅಂತರವನ್ನೋ ಸೂತ್ರವನ್ನೋ ಒಳಗಿಟ್ಟುಕೊಂಡ ಸಾಲು ಇರುವುದು ಸಂಭವ. ಆ ಬಳಿಕ, ಕೆಲಸವನ್ನು ಮಾಡಿದವರಲ್ಲದೆ ಮತ್ತೊಬ್ಬರು ಪಟ್ಟಿಯ ಮುದ್ರಿತ ಪ್ರತಿಯನ್ನು ಕೈಯಲ್ಲಿ ಹಿಡಿದು ಪಿಡಿಎಫ್‌ಗಳನ್ನು ಒಂದೊಂದಾಗಿ ತೆರೆದು ಓದಲಿ. ತಾನೇ ಟೈಪಿಸಿದ ಹೆಸರಿನ ದೋಷವು ತನ್ನ ಕಣ್ಣಿಗೆ ಬೀಳುವುದು ದುರ್ಲಭ. ಪಿಡಿಎಫ್‌ನಲ್ಲಿ ಕನ್ನಡದ ಹೆಸರನ್ನು ಟೈಪಿಸಿ ಹುಡುಕುವುದನ್ನು ನಂಬಬೇಡಿ. ಪರದೆಯ ಮೇಲೆ ಶುದ್ಧವಾಗಿ ಕಾಣುವ ಪದವೂ ಹುಡುಕಾಟಕ್ಕೆ ಸಿಕ್ಕದಿರುವುದುಂಟು. ಪಟ್ಟಿಯಲ್ಲಿ ಹೆಸರನ್ನು ಕಂಡು, ಅದರ ಸಂಖ್ಯೆಯಿಂದ ಫೈಲನ್ನು ಹಿಡಿಯುವುದೇ ಸರಿಯಾದ ಮಾರ್ಗ.

ಅಧ್ಯಕ್ಷರ ಸಹಿಯನ್ನು ಸ್ಕ್ಯಾನ್ ಮಾಡಿ ಮಾದರಿಯಲ್ಲಿ ಸೇರಿಸುವ ವಾಡಿಕೆ ಈಗ ಎಲ್ಲೆಡೆ ಹಬ್ಬಿದೆ. ನನ್ನ ಅಭಿಪ್ರಾಯದಲ್ಲಿ ಅದು ಯುಕ್ತವಲ್ಲ. ಪಿಡಿಎಫ್‌ನಿಂದ ಚಿತ್ರವನ್ನು ಬೇರ್ಪಡಿಸುವುದು ಕಷ್ಟದ ಕೆಲಸವಲ್ಲ. 180 ಮನೆಗಳಿಗೆ ತಮ್ಮ ಸಹಿಯ ಪ್ರತಿಯನ್ನು ಕಳುಹಿಸಿಕೊಡುತ್ತಿದ್ದೇವೆಂಬುದನ್ನು ಅಧ್ಯಕ್ಷರು ಅರಿತು ಒಪ್ಪಿದ್ದರೆ ಮಾತ್ರ ಹಾಗೆ ಮಾಡಬಹುದು. ಮುದ್ರಿಸಿ ಕೊಡುವ ಪತ್ರಗಳಿಗೆ ಶಾಯಿಯ ಸಹಿಯೇ ಇರಲಿ. ಪೋಷಕರ ದೂರವಾಣಿ ಸಂಖ್ಯೆಗಳಿರುವ ಮೂಲ ಪಟ್ಟಿಯನ್ನು ಮುದ್ರಣದ ಅಂಗಡಿಗೆ ಕೊಡಬೇಡಿ. ಪಿಡಿಎಫ್‌ಗಳ ಫೋಲ್ಡರನ್ನಷ್ಟೇ ಕೊಡಿರಿ.

ವಾಟ್ಸಾಪ್ ಮೂಲಕ ಕಳುಹಿಸುವವರು ಪಿಡಿಎಫ್ ಅನ್ನು ಡಾಕ್ಯುಮೆಂಟ್ ಎಂಬ ಆಯ್ಕೆಯಿಂದಲೇ ಕಳುಹಿಸಲಿ. ಪರದೆಯ ಚಿತ್ರವನ್ನು ತೆಗೆದು ಫೋಟೋ ಆಗಿ ಕಳುಹಿಸಿದರೆ ಅದು ಸಂಕುಚಿತಗೊಂಡು, ಎ4 ಹಾಳೆಯಲ್ಲಿ ಮುದ್ರಿಸುವಾಗ ಒತ್ತಕ್ಷರಗಳು ಮಸುಕಾಗುತ್ತವೆ.